ಆರ್ಡರ್ ಬಂತು ಸರಿ, ಅದನ್ನು ಪೂರೈಸೋ ದುಡ್ಡು ಎಲ್ಲಿಂದ ಬರುತ್ತೆ?

ತುಮಕೂರು ಜಿಲ್ಲೆಯ ಸಣ್ಣ ಘಟಕಗಳ ಲೆಕ್ಕಪತ್ರ ನೋಡೋದು ನನ್ನ ಕೆಲಸ. ಲಾಭ ಮಾಡುತ್ತಿದ್ದ ಘಟಕಗಳೇ ಬಾಗಿಲು ಹಾಕುವ ಹಂತಕ್ಕೆ ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ. ನಷ್ಟದಿಂದ ಅಲ್ಲ, ಬೇಗ ಬೆಳೆಯೋಕೆ ಹೋಗಿ. ಅದರ ಬಗ್ಗೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಮಯ ಇದ್ದಾಗ ಓದಿ.

ತಿಪಟೂರು ಕಡೆಯ ಒಂದು ಕೊಬ್ಬರಿ ಪುಡಿ ಘಟಕದ ಲೆಕ್ಕ ತೆಗೆದುಕೊಳ್ಳೋಣ. ಕಾಯಿ ಒಡೆದು, ಕಪ್ಪು ಸಿಪ್ಪೆ ಹೆರೆದು, ತುರಿದು, ಡ್ರೈಯರ್‌ನಲ್ಲಿ ಒಣಗಿಸಿ, ಸ್ವೀಟ್ ಅಂಗಡಿ, ಬೇಕರಿ, ಬಿಸ್ಕತ್ ಮಾಡುವವರಿಗೆ ಮಾರುತ್ತಾರೆ. ಸುಲಭವಾಗಿ ಅರ್ಥವಾಗಲಿ ಅಂತ ಅಂಕಿಗಳನ್ನು ದುಂಡು ಮಾಡಿದ್ದೇನೆ. ವರ್ಷದ ಮಾರಾಟ 4 ಕೋಟಿ. ತೆರಿಗೆ, ಬಡ್ಡಿ ಎಲ್ಲ ಕಳೆದು ಲಾಭ 20 ಲಕ್ಷ. ಅದರಲ್ಲಿ 8 ಲಕ್ಷ ಮನೆ ಖರ್ಚಿಗೆ ಹೋಗುತ್ತದೆ, 12 ಲಕ್ಷ ವ್ಯವಹಾರದಲ್ಲೇ ಉಳಿಯುತ್ತದೆ.

ಈ ಮಾರಾಟಕ್ಕಾಗಿ ವ್ಯವಹಾರದಲ್ಲಿ ಕೂತಿರುವ ದುಡ್ಡು ಎಷ್ಟು ಅಂತ ನೋಡಿ. ಯಂತ್ರ, ಕಟ್ಟಡ 60 ಲಕ್ಷ. ಕಾಯಿ ಮತ್ತು ಪುಡಿಯ ದಾಸ್ತಾನು 50 ಲಕ್ಷ. ಗಿರಾಕಿಗಳಿಂದ ಬರಬೇಕಾದ ಬಾಕಿ 45 ಲಕ್ಷ. ಕೈಯಲ್ಲಿ 5 ಲಕ್ಷ. ಒಟ್ಟು 160 ಲಕ್ಷ. ಇದರಲ್ಲಿ 80 ಲಕ್ಷ ಮಾಲೀಕರ ಸ್ವಂತದ್ದು, 56 ಲಕ್ಷ ಬ್ಯಾಂಕ್ ಸಾಲ. ಉಳಿದ 24 ಲಕ್ಷ ಕಾಯಿ ಕೊಟ್ಟ ವ್ಯಾಪಾರಿಗಳಿಗೆ, ಪ್ಯಾಕಿಂಗ್‌ನವರಿಗೆ ಕೊಡಬೇಕಾದದ್ದು.

ಪ್ರತಿ ವರ್ಷ ಮಾಲೀಕರು ಕೇಳುವ ಪ್ರಶ್ನೆ ಒಂದೇ: "ಸಾರ್, 20 ಲಕ್ಷ ಲಾಭ ಅಂತೀರಿ, ಬ್ಯಾಂಕ್‌ನಲ್ಲಿ ಯಾಕೆ ಏನೂ ಇಲ್ಲ?" ಪ್ರಶ್ನೆ ನ್ಯಾಯವಾದದ್ದೇ. ಉಳಿದ 12 ಲಕ್ಷ ಎಲ್ಲೂ ಕಳೆದುಹೋಗಿಲ್ಲ. ಅದು ಗೋಡೌನ್‌ನಲ್ಲಿ ಕಾಯಿಯಾಗಿ, ಗಿರಾಕಿಯ ಹತ್ತಿರ ಬಾಕಿಯಾಗಿ ಕೂತಿದೆ. ಮಾರಾಟ ಒಂದು ರೂಪಾಯಿ ಹೆಚ್ಚಾದರೆ, ವ್ಯವಹಾರದಲ್ಲಿ ಕೂರುವ ದುಡ್ಡು 40 ಪೈಸೆ ಹೆಚ್ಚಾಗಬೇಕು. 4 ಕೋಟಿಗೆ 160 ಲಕ್ಷ ಅಂದರೆ ಅದೇ ಅಲ್ವಾ?

ಹಾಗಾದರೆ ಹೊಸ ಸಾಲ ಒಂದು ರೂಪಾಯಿಯನ್ನೂ ಮುಟ್ಟದೆ, ಉಳಿಸಿದ ಲಾಭದಲ್ಲೇ ಎಷ್ಟು ಬೆಳೆಯಬಹುದು? ಇದನ್ನೇ ಇಂಟರ್ನಲ್ ಗ್ರೋತ್ ರೇಟ್ ಅನ್ನುತ್ತಾರೆ. ಉಳಿಸಿದ 12 ಲಕ್ಷವನ್ನು ಒಟ್ಟು ಆಸ್ತಿ 160 ಲಕ್ಷದಿಂದ ಭಾಗಿಸಿದರೆ 7.5%. ಬೆಳೆದ ಮಾರಾಟದ ಲಾಭವೂ ಸ್ವಲ್ಪ ಸೇರುವುದರಿಂದ 0.075 ÷ (1 − 0.075), ಅಂದರೆ ಸುಮಾರು 8.1%. ಪುಸ್ತಕದ ಈ ಲೆಕ್ಕ ವ್ಯಾಪಾರಿಗಳ ಕಡವನ್ನು ಬಿಟ್ಟುಬಿಡುತ್ತದೆ. ನಾವು ಹೆಚ್ಚು ಕಾಯಿ ಕೊಂಡರೆ ಅವರಿಗೆ ಕೊಡಬೇಕಾದ ಬಾಕಿಯೂ ಅಷ್ಟೇ ಪ್ರಮಾಣದಲ್ಲಿ ಬೆಳೆಯುತ್ತದೆ, ಅದೂ ಒಂಥರಾ ನಮಗೆ ಸಿಕ್ಕ ದುಡ್ಡೇ. ಅದನ್ನು ಸೇರಿಸಿದರೆ ಸುಮಾರು 9.7%. ಅಂದರೆ ಚೆನ್ನಾಗಿ ನಡೆಯುತ್ತಿರುವ ಈ ಘಟಕ ಸ್ವಂತ ಕಾಲಿನ ಮೇಲೆ ವರ್ಷಕ್ಕೆ ಹೆಚ್ಚು ಕಡಿಮೆ 10% ಬೆಳೆಯಬಲ್ಲದು. ಅಷ್ಟೇ.

ಈಗ ಬೆಂಗಳೂರಿನ ಒಂದು ದೊಡ್ಡ ಕಂಪನಿ ಬಂದು, ವರ್ಷಕ್ಕೆ 2 ಕೋಟಿಯ ಪುಡಿ ನಮಗೇ ಕೊಡಿ ಅನ್ನುತ್ತದೆ. 4 ಕೋಟಿ 6 ಕೋಟಿ ಆಗುತ್ತದೆ, 50% ಬೆಳವಣಿಗೆ. ಮನೆಯವರೆಲ್ಲ ಖುಷಿ. ಯಾರಿಗೆ ತಾನೆ ಆಗಲ್ಲ?

ಲೆಕ್ಕ ಹಾಕೋಣ. ಆಸ್ತಿಯೂ 50% ಬೆಳೆಯಬೇಕು, ಅಂದರೆ ಇನ್ನೂ 80 ಲಕ್ಷ ಬೇಕು. ಅದರಲ್ಲಿ 30 ಲಕ್ಷ ಹೊಸ ಡ್ರೈಯರ್‌ಗೆ ಮತ್ತು ಅದಕ್ಕೆ ಬೇಕಾದ ಜಾಗಕ್ಕೆ, ಉಳಿದ 50 ಲಕ್ಷ ದಾಸ್ತಾನು, ಬಾಕಿ, ಕೈಯಲ್ಲಿನ ದುಡ್ಡಿಗೆ. ವ್ಯಾಪಾರಿಗಳ ಕಡ 12 ಲಕ್ಷ ಹೆಚ್ಚಾಗುತ್ತದೆ. 6 ಕೋಟಿಯ ಮೇಲೆ ಲಾಭ 30 ಲಕ್ಷ, ಅದರಲ್ಲಿ ಉಳಿಯುವುದು 18 ಲಕ್ಷ. 80ರಲ್ಲಿ 12, 18 ಕಳೆದರೆ 50 ಲಕ್ಷ. ಇದು ಹೊರಗಿನಿಂದ ತರಬೇಕಾದ ದುಡ್ಡು. ಅದೂ ಲಾಭದ ದರ ಸ್ವಲ್ಪವೂ ಇಳಿಯಲ್ಲ ಅಂತ ಅಂದುಕೊಂಡರೆ. ಆ 50 ಲಕ್ಷಕ್ಕೆ 11% ಬಡ್ಡಿ ಹಿಡಿದರೂ ವರ್ಷಕ್ಕೆ ಐದೂವರೆ ಲಕ್ಷ. ಅದು ಲಾಭದಿಂದಲೇ ಹೋಗುತ್ತದೆ, ಉಳಿಯುವ ದುಡ್ಡು ಕಡಿಮೆಯಾಗುತ್ತದೆ, ಕೊರತೆ ಇನ್ನೊಂದಷ್ಟು ಏರುತ್ತದೆ.

ಇಲ್ಲಿಗೆ ಮುಗಿದಿಲ್ಲ. ದೊಡ್ಡ ಕಂಪನಿ ದುಡ್ಡು ಕೊಡೋದು ಯಾವಾಗ? ನಮ್ಮ ಈಗಿನ ಗಿರಾಕಿಗಳು ಸರಾಸರಿ 41 ದಿನಕ್ಕೆ ಕೊಡುತ್ತಾರೆ, ಮೇಲಿನ ಲೆಕ್ಕವೂ ಅದರ ಮೇಲೇ ನಿಂತಿದೆ. ಹೊಸ ಕಂಪನಿ 90 ದಿನ ಅಂದರೆ ಆ 2 ಕೋಟಿಯ ಮೇಲೆ ಸುಮಾರು 49 ಲಕ್ಷ ಯಾವಾಗಲೂ ಅವರ ಹತ್ತಿರವೇ ಇರುತ್ತದೆ. ನಾವು ಹಿಡಿದದ್ದು 22.5 ಲಕ್ಷ. ಕೊರತೆ 50ರಿಂದ ಸುಮಾರು 77 ಲಕ್ಷಕ್ಕೆ ಹೋಯಿತು. ರೇಟಿನ ಬಗ್ಗೆ ಕೆಜಿಗೆ ಒಂದೊಂದು ರೂಪಾಯಿಗೂ ಚೌಕಾಸಿ ಮಾಡುವ ನಮ್ಮವರು ದಿನಗಳ ಬಗ್ಗೆ ಬಾಯಿ ಬಿಡೋದೇ ಇಲ್ಲ. ಇದು ನನಗೆ ನಿಜವಾಗಿ ಬೇಜಾರು ತರುವ ವಿಷಯ. ರೈತ ಕಾಯಿ ತಂದ ದಿನವೇ ದುಡ್ಡು ಕೇಳುತ್ತಾನೆ, ಕೊಡಲೇಬೇಕು. ಬಿಲ್ ಹಾಕಿದ ತಿಂಗಳ ಜಿಎಸ್‌ಟಿಯನ್ನು, ಗಿರಾಕಿ ಕೊಟ್ಟಿರಲಿ ಬಿಡಲಿ, ಮುಂದಿನ ತಿಂಗಳು 20ರೊಳಗೆ ಕಟ್ಟಬೇಕು. ಕೊನೆಗೆ ದುಡ್ಡು ನೋಡೋದು ನಾವು.

ಕೊರತೆಯನ್ನು ಮೊದಲೇ ಲೆಕ್ಕ ಹಾಕದಿದ್ದರೆ ಅದು ಹೇಗೋ ತಾನೇ ತುಂಬಿಕೊಳ್ಳುತ್ತದೆ, ಕೆಟ್ಟ ರೀತಿಯಲ್ಲಿ. ಮೊದಲು ನಡೆಯೋದು ಇದು: ಡ್ರೈಯರ್ ಅಡ್ವಾನ್ಸ್ ಅನ್ನು ಬ್ಯಾಂಕಿನ ಸಿಸಿ ಖಾತೆಯಿಂದ, ಅಂದರೆ ಒಂದು ಲಿಮಿಟ್‌ವರೆಗೆ ಬೇಕಾದಾಗ ಸಾಲ ತೆಗೆಯುವ ಕ್ಯಾಶ್ ಕ್ರೆಡಿಟ್ ಖಾತೆಯಿಂದ ಕೊಡುತ್ತಾರೆ. ಸಿಸಿ ಇರೋದು ಕಾಯಿ ಕೊಳ್ಳೋಕೆ, ಪುಡಿ ಮಾರಿ ಬಂದ ದುಡ್ಡು ವಾಪಸ್ ತುಂಬೋಕೆ. ಡ್ರೈಯರ್‌ಗೆ ಹೋದ 30 ಲಕ್ಷ ವಾಪಸ್ ಬರೋಕೆ ವರ್ಷಗಳು ಬೇಕು. ಆಮೇಲೆ ಕಾಯಿ ಕೊಳ್ಳೋಕೆ ಲಿಮಿಟ್ ಉಳಿಯಲ್ಲ. ಹೊಸ ಯಂತ್ರ ಇದೆ, ಅದಕ್ಕೆ ಹಾಕೋ ಕಾಯಿ ಇಲ್ಲ. ಮುಂದೆ ವ್ಯಾಪಾರಿಗಳಿಗೆ ಕೊಡೋದು ತಡವಾಗುತ್ತದೆ, ಅವರು ಒಳ್ಳೆ ಕಾಯಿಯನ್ನು ಬೇರೆಯವರಿಗೆ ಕಳಿಸುತ್ತಾರೆ ಅಥವಾ ರೇಟ್ ಏರಿಸುತ್ತಾರೆ. ಅದೂ ಸಾಲದಾದಾಗ ಮನೆಯ ಚಿನ್ನ, ಚೀಟಿ, ಕೈಸಾಲ.

ಇದು ಶುರುವಾಗಿದೆ ಅಂತ ತಿಳಿಯೋಕೆ ಬ್ಯಾಲೆನ್ಸ್ ಶೀಟ್ ಬರುವವರೆಗೆ ಕಾಯಬೇಕಿಲ್ಲ. ಸಿಸಿ ಖಾತೆಯ ಸ್ಟೇಟ್‌ಮೆಂಟ್ ತೆಗೆಯಿರಿ. ಆರೋಗ್ಯವಾಗಿರುವ ಖಾತೆ ಏರುತ್ತದೆ, ಇಳಿಯುತ್ತದೆ. ತಿಂಗಳುಗಟ್ಟಲೆ ಲಿಮಿಟ್‌ಗೇ ಅಂಟಿಕೊಂಡು ನಿಂತಿದ್ದರೆ, ಆ ದುಡ್ಡು ಎಲ್ಲೋ ಯಂತ್ರದಲ್ಲೋ ಹಳೇ ಬಾಕಿಯಲ್ಲೋ ಸಿಕ್ಕಿಬಿದ್ದಿದೆ ಅಂತಲೇ ಅರ್ಥ. ಸಿಸಿಯಿಂದ ಎಷ್ಟು ತೆಗೆಯಬಹುದು ಅಂತ ನೋಡುವಾಗ, ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಬ್ಯಾಂಕ್ ಲೆಕ್ಕಕ್ಕೇ ಹಿಡಿಯಲ್ಲ. ಲಿಮಿಟ್ ಕಾಗದದ ಮೇಲೆ ಇದ್ದರೂ ತೆಗೆಯೋ ಮೊತ್ತ ಇಳಿಯುತ್ತದೆ, ಅದೂ ದುಡ್ಡು ತುಂಬಾ ಬೇಕಾದ ಹೊತ್ತಿನಲ್ಲೇ.

ಬ್ಯಾಂಕಿನ ಕಣ್ಣಲ್ಲೂ ಒಮ್ಮೆ ನೋಡಿ. ಈಗ ಸಾಲ, ಕಡ ಎಲ್ಲ ಸೇರಿ 80 ಲಕ್ಷ, ಸ್ವಂತದ್ದು 80 ಲಕ್ಷ. ಒಂದಕ್ಕೆ ಒಂದು. ಈ ಪ್ರಮಾಣ ಕೆಡದ ಹಾಗೆ, ಲಾಭ ಉಳಿದಷ್ಟೇ ಸಾಲವನ್ನೂ ಏರಿಸುತ್ತಾ ಹೋದರೆ ಸುಮಾರು 17.6% ಬೆಳೆಯಬಹುದು. ಇದಕ್ಕೆ ಸಸ್ಟೇನಬಲ್ ಗ್ರೋತ್ ರೇಟ್ ಅನ್ನುತ್ತಾರೆ. 50% ಬೆಳೆದರೆ ಸ್ವಂತದ್ದು 98, ಹೊರಗಿನದ್ದು 142. ಒಂದೇ ವರ್ಷದಲ್ಲಿ ಒಂದಕ್ಕೆ ಸುಮಾರು 1.45. ಇದು ಅಪಾಯವೇ ಅಂತ ನಾನು ಹೇಳುತ್ತಿಲ್ಲ. ಆದರೆ ಅದನ್ನು ಗೊತ್ತಿದ್ದು ಮಾಡಬೇಕು. ಇಲ್ಲವೇ ಪಾಲುದಾರರನ್ನು ತಂದು ಸ್ವಂತ ಬಂಡವಾಳ ಏರಿಸಬೇಕು.

ಇನ್ನೊಂದು ಮಾತು, ತೆಂಗಿನ ನಾಡಿನವರಿಗೆ ಮುಖ್ಯ. ಬೆಳವಣಿಗೆ ಅಂದರೆ ಜಾಸ್ತಿ ಸರಕು ಅಂತಲೇ ಅಲ್ಲ. 2025ರಲ್ಲಿ ಕಾಯಿ, ಕೊಬ್ಬರಿ ಬೆಲೆ ಹೇಗೆ ಏರಿತು ಅಂತ ಎಲ್ಲರೂ ನೋಡಿದ್ದೀರಿ. ಬೆಲೆ 50% ಏರಿತು, ನೀವು ಒಂದು ಕಾಯಿಯನ್ನೂ ಜಾಸ್ತಿ ಒಡೆಯಲಿಲ್ಲ, ಲಾಭವೂ ಅದೇ 20 ಲಕ್ಷ ಅಂದುಕೊಳ್ಳಿ. ದಾಸ್ತಾನು, ಬಾಕಿ, ಕೈಯಲ್ಲಿನ ದುಡ್ಡಿಗೆ 50 ಲಕ್ಷ ಜಾಸ್ತಿ ಬೇಕು, ವ್ಯಾಪಾರಿಗಳ ಕಡ 12, ಉಳಿದ ಲಾಭ 12. ಕೊರತೆ 26 ಲಕ್ಷ. ಇದ್ದಲ್ಲೇ ಇರೋಕೆ 26 ಲಕ್ಷ! ಆ ವರ್ಷ ಎಷ್ಟೋ ಘಟಕಗಳಿಗೆ ಉಸಿರು ಕಟ್ಟಿದ್ದರೆ ಅದು ಅವರ ದಡ್ಡತನ ಅಲ್ಲ, ಇದೇ ಲೆಕ್ಕ.

ಹಾಗಂತ ಆರ್ಡರ್ ಬಿಟ್ಟುಬಿಡಿ ಅಂತ ಹೇಳುವ ಮನುಷ್ಯ ನಾನಲ್ಲ. ಎಷ್ಟು ತೆಗೆದುಕೊಳ್ಳಬೇಕು ಅನ್ನೋದು ಪ್ರಶ್ನೆ. ಈ ಘಟಕದ ಡ್ರೈಯರ್ ಈಗ ಒಂದೇ ಶಿಫ್ಟ್ ಓಡುತ್ತದೆ. ಎರಡನೇ ಶಿಫ್ಟ್ ಹಾಕಿದರೆ, ಹೆರೆಯುವ ಕೆಲಸಕ್ಕೆ ಜನ ಸಿಗುವಷ್ಟರ ಮಟ್ಟಿಗೆ, 25% ಜಾಸ್ತಿ ಪುಡಿ ತೆಗೆಯಬಹುದು. ಅದಕ್ಕಿಂತ ಜಾಸ್ತಿ ಬೇಕಾದರೆ ಹೊಸ ಡ್ರೈಯರ್. ಅರ್ಧ ಡ್ರೈಯರ್ ಯಾರೂ ಮಾರಲ್ಲ. ಹಾಗಾಗಿ 1 ಕೋಟಿಯ ಆರ್ಡರ್ ಮಾತ್ರ ಒಪ್ಪಿದರೆ ಏನಾಗುತ್ತದೆ? ದಾಸ್ತಾನು, ಬಾಕಿ, ಕೈಯಲ್ಲಿನ ದುಡ್ಡಿಗೆ 25 ಲಕ್ಷ. ವ್ಯಾಪಾರಿಗಳ ಕಡ 6 ಲಕ್ಷ. ಉಳಿದ ಲಾಭ 15 ಲಕ್ಷ. ಕೊರತೆ ಬರೀ 4 ಲಕ್ಷ.

50% ಬೆಳೆಯೋಕೆ 50 ಲಕ್ಷ, 25% ಬೆಳೆಯೋಕೆ 4 ಲಕ್ಷ. ಬೆಳವಣಿಗೆ ಎರಡು ಪಟ್ಟು, ಸಾಲ ಹನ್ನೆರಡೂವರೆ ಪಟ್ಟು. ಈ ಎರಡು ಅಂಕಿಗಳನ್ನು ಒಂದು ಹಾಳೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದಾಗ ಮಾಲೀಕರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು, "ಒಂದು ಕೋಟಿಗೂ ಅವರು 90 ದಿನ ಅಂದ್ರೆ?" ಸರಿಯಾದ ಪ್ರಶ್ನೆ. ಆಗ 4 ಲಕ್ಷ 17 ಲಕ್ಷ ಆಗುತ್ತದೆ.

90 ದಿನ ಆಗಲ್ಲ ಅನ್ನೋಕೆ ಕಾನೂನಿನ ಬಲ ಇದೆ, ನಮ್ಮವರು ಬಳಸಲ್ಲ ಅಷ್ಟೇ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ, ಉದ್ಯಮ್ ನೋಂದಣಿ ಇರುವ ಕಿರು ಮತ್ತು ಸಣ್ಣ ಘಟಕಗಳಿಗೆ ಬರವಣಿಗೆಯ ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನ. 2024-25ರ ಅಸೆಸ್‌ಮೆಂಟ್ ವರ್ಷದಿಂದ, ಈ ಗಡುವು ಮೀರಿದರೆ ಕೊಳ್ಳುವ ಕಂಪನಿ ದುಡ್ಡು ಕೊಡುವ ತನಕ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ತೋರಿಸುವ ಹಾಗಿಲ್ಲ. ಹಾಗಾಗಿ ಕಂಪನಿಯ ಲೆಕ್ಕ ವಿಭಾಗದವರೇ ಈ ಮಾತನ್ನು ಕಿವಿಗೊಟ್ಟು ಕೇಳುತ್ತಾರೆ. ಕಂಪನಿ ದೊಡ್ಡದಾಗಿದ್ದರೆ, ಬಿಲ್‌ಗಳನ್ನು ಆನ್‌ಲೈನ್‌ನಲ್ಲಿ ಮಾರುವ ಟ್ರೆಡ್ಸ್ ವೇದಿಕೆಯಲ್ಲಿ ಇದ್ದೀರಾ ಅಂತಲೂ ಕೇಳಿ. ಅವರು ಬಿಲ್ ಒಪ್ಪಿದ ಮೇಲೆ ಬ್ಯಾಂಕುಗಳು ಅದನ್ನು ಹರಾಜಿನಲ್ಲಿ ಕೊಂಡು ನಮಗೆ ಮೊದಲೇ ದುಡ್ಡು ಕೊಡುತ್ತವೆ. ಮುಂದೆ ಕಂಪನಿ ಕೊಡದಿದ್ದರೂ ಬ್ಯಾಂಕ್ ನಮ್ಮ ಹತ್ತಿರ ವಾಪಸ್ ಕೇಳಲ್ಲ. ಬಡ್ಡಿ ಕಳೆದು ಬಂದರೂ ಕೈಸಾಲಕ್ಕಿಂತ ಎಷ್ಟೋ ಮೇಲು.

ಕೊನೆಗೆ ಅವರು ಮಾಡಿದ್ದು ಹೀಗೆ. ಮೊದಲ ವರ್ಷ 1 ಕೋಟಿ ಮಾತ್ರ, 45 ದಿನ ಅಂತ ಆರ್ಡರ್ ಕಾಗದದಲ್ಲೇ ಬರೆಸಿಕೊಂಡರು. ಲಾಭ ಏರಿದರೂ ಮನೆಗೆ ತೆಗೆಯೋದು 8 ಲಕ್ಷವೇ ಅಂತ ತೀರ್ಮಾನಿಸಿದರು, ಅದರಿಂದ ಕೊರತೆ 4ರಿಂದ 2 ಲಕ್ಷಕ್ಕೆ ಇಳಿಯಿತು; 41ರ ಬದಲು 45 ದಿನ ಆದದ್ದಕ್ಕೆ ಸುಮಾರು 1 ಲಕ್ಷ ಸೇರಿಸಿದರೆ ಸುಮಾರು 3 ಲಕ್ಷ. ಆ ಸಣ್ಣ ಮೊತ್ತವನ್ನು, ಜೊತೆಗೆ ಕಾಯಿ ಬೆಲೆ ಏರಿದರೆ ಅಂತ ಇನ್ನಷ್ಟನ್ನು, ಆರ್ಡರ್ ಶುರುವಾಗುವ ಮೊದಲೇ ಬ್ಯಾಂಕಿನಲ್ಲಿ ಸಿಸಿ ಲಿಮಿಟ್ ಏರಿಸಿ ಇಟ್ಟುಕೊಂಡರು. ಡ್ರೈಯರ್ ಕೊಟೇಶನ್ ಮೇಜಿನ ಮೇಲೇ ಇದೆ. ಕಂಪನಿ ಆರು ತಿಂಗಳು ನಿಜಕ್ಕೂ 45 ದಿನಕ್ಕೆ ದುಡ್ಡು ಹಾಕಿದರೆ, ಅದೇ ಸ್ಟೇಟ್‌ಮೆಂಟ್ ಹಿಡಿದು, ಡ್ರೈಯರ್‌ಗಾಗಿ ಕಂತಿನಲ್ಲಿ ತೀರಿಸುವ ಟರ್ಮ್ ಲೋನ್‌ಗೆ ಅರ್ಜಿ ಹಾಕುತ್ತೇವೆ.