ಸ್ಪೀಡ್ ಇದ್ರೂ ಗೇಮ್ ಮಸುಕು ಮಸುಕು

ಸ್ಪೀಡ್ ಟೆಸ್ಟ್ ಹಾಕಿದ್ರೆ 200 ಎಂಬಿಪಿಎಸ್ ತೋರಿಸುತ್ತೆ, ಟಿವಿಲಿ ಕ್ಲೌಡ್ ಗೇಮ್, ಅಂದ್ರೆ ದೂರದ ಸರ್ವರಲ್ಲಿ ಓಡಿ ನಮಗೆ ವಿಡಿಯೋ ಆಗಿ ಬರೋ ಗೇಮ್, ಹಾಕಿದ್ರೆ ಮಾತ್ರ ಹುಲ್ಲು, ಎಲೆ ಎಲ್ಲಾ ಕಲಸಿಹೋಗಿ ಹಸಿರು ಪೇಸ್ಟ್ ಥರ ಕಾಣುತ್ತೆ, ಕಾರ್ ತಿರುಗಿಸೋಕೆ ಹೋದ್ರೆ ಅದು ಅರ್ಧ ಸೆಕೆಂಡ್ ಬಿಟ್ಟು ತಿರುಗುತ್ತೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಇನ್ನೂ ದೊಡ್ಡ ಪ್ಲಾನ್ ತಗೊಳ್ಳಿ ಅಂತಾರೆ, ಸಿಟ್ಟು ನೆತ್ತಿಗೇರುತ್ತೆ! 1080ಪಿ ಆಟಕ್ಕೆ 20-25 ಎಂಬಿಪಿಎಸ್ ಧಾರಾಳ ಸಾಕು ಕಣ್ರೀ.

ತೊಂದರೆ ಇರೋದು ವೈಫೈಲಿ. ಸಿನಿಮಾ ಆದ್ರೆ ಮುಂದಿನ ಭಾಗ ಮೊದಲೇ ಬಫರ್ ಆಗಿರುತ್ತೆ, ನಡುವೆ ಸಿಗ್ನಲ್ ತಡವರಿಸಿದ್ರೂ ಗೊತ್ತಾಗಲ್ಲ, ಆದ್ರೆ ಗೇಮಲ್ಲಿ ನೀವು ಬಟನ್ ಒತ್ತಿದ ಮೇಲೇ ಆ ಫ್ರೇಮ್ ಹುಟ್ಟಬೇಕು, ಕೂಡಿಡೋಕೆ ಏನಿದೆ? ಪ್ಯಾಕೆಟ್ ಸ್ವಲ್ಪ ತಡ ಆದ್ರೆ ಸರ್ವರ್ ಬಿಟ್‌ರೇಟ್, ಅಂದ್ರೆ ಸೆಕೆಂಡಿಗೆ ಕಳಿಸೋ ಚಿತ್ರದ ಡೇಟಾ, ಇಳಿಸುತ್ತೆ, ಮಸುಕು ಶುರು. ನಮ್ಮ ಟಿವಿ ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಅಂಟ್ಕೊಂಡಿತ್ತು, ಪಕ್ಕದ ಮನೆಗಳ ರೌಟರೆಲ್ಲ ಅದೇ ಚಾನೆಲ್‌ನಲ್ಲಿ. ರೌಟರ್‌ಗೆ ಪಿಂಗ್ ಹಾಕಿ, ಅಂದ್ರೆ ಅದರಿಂದ ಉತ್ತರ ಬರೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡಿದ್ರೆ 3 ಮಿಲಿಸೆಕೆಂಡ್, ತಕ್ಷಣ 90, ಮತ್ತೆ 4. ಮನೆಯೊಳಗೇ ಹೀಗೆ, ಇಂಟರ್ನೆಟ್‌ವರೆಗೆ ಹೋಗೋದೇ ಬೇಡ! ಲ್ಯಾನ್ ಕೇಬಲ್ ಎಳೆದ ಮೇಲೆ ಅದೇ ಪ್ಲಾನಲ್ಲಿ ಎಲೆ ಎಲೆ ಬೇರೆ ಬೇರೆ ಕಾಣ್ತಿದೆ. ಬಹಳಷ್ಟು ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್ ಮಾತ್ರ, ಇದಕ್ಕೆ ಅಷ್ಟೇ ಸಾಕು. ಇದನ್ನ ಫೋನಲ್ಲೇ ಹೇಳೋಕೆ ಅವರಿಗೇನು ಕಷ್ಟ?