ಯಾವ ಸೇರಿನ ನವಟಾಂಕ್?

ವಡೋದರಾದಲ್ಲಿ ನಮ್ಮ ಪಕ್ಕದ ಮನೆಯ ಮಾಸಿಗೆ ಕಾನ್ಪುರದಿಂದ ಸೊಸೆ ಬಂದಳು. ಮದುವೆ ಮುಗಿಸಿ ಮಗನ ಜೊತೆ ಅಲ್ಲಿಗೇ ವಾಪಸ್ ಹೋದಳು ಅನ್ನಿ. ದೀಪಾವಳಿ ಹತ್ತಿರ ಬಂದಾಗ ಗುಜರಾತಿನ ಕಡಲೆ ಹಿಟ್ಟಿನ ಸಿಹಿ ಮೋಹನಥಾಳ್ ಮಾಡುವ ಕ್ರಮ ಬರೆದು ಕಳಿಸಿ ಎಂದಳು. ಅವಳಿಗೆ ಗುಜರಾತಿ ಲಿಪಿ ಬಾರದು. ಮಾಸಿ ಹಿಂದಿ ಮಾತಾಡುತ್ತಾರೆ, ಬರೆಯಲ್ಲ. ತಮ್ಮ ಅತ್ತೆಯ ಕಾಲದ, ಎಣ್ಣೆ ಜಿಡ್ಡು ಹಿಡಿದ ಪುಸ್ತಕ ತಂದು ನನ್ನ ಮುಂದೆ ಇಟ್ಟರು. ಅರ್ಧ ಪುಟ, ಹತ್ತು ನಿಮಿಷದ ಕೆಲಸ ಅಂದುಕೊಂಡೆ.

ಮೊದಲ ಸಾಲಲ್ಲಿ ‘ಖಾಂಡ್’ ಇತ್ತು. ಹಿಂದಿಯಲ್ಲೂ ಖಾಂಡ್ ಇದೆಯಲ್ಲ, ಹಾಗೇ ಇಳಿಸಿದೆ. ಎರಡು ದಿನಕ್ಕೆ ಫೋನ್ ಬಂತು. ಮೋಹನಥಾಳ್ ತಟ್ಟೆಯಲ್ಲಿ ಕೂರುತ್ತಲೇ ಇಲ್ಲ, ಚಾಕು ಹಾಕಿದರೆ ಹಲ್ವಾದ ಹಾಗೆ ಅಂಟುತ್ತದೆ, ಬಣ್ಣವೂ ಕಪ್ಪು. ವಿಚಾರಿಸಿದರೆ, ಪಾಪ, ನಾನು ಬರೆದಿದ್ದನ್ನೇ ಹಾಕಿದ್ದಳು. ಗುಜರಾತಿಯಲ್ಲಿ ಖಾಂಡ್ ಅಂದರೆ ದಿನಾ ಚಹಾಕ್ಕೆ ಹಾಕುವ ಬಿಳಿ ಸಕ್ಕರೆ. ಹಿಂದಿಯವರಿಗೆ ಅದು ಕಾಕಂಬಿ ಪೂರ್ತಿ ಹೋಗದ ಕಂದು ಪುಡಿ ಸಕ್ಕರೆ. ಆ ಕಾಕಂಬಿ ಉಳಿದಿದ್ದರೆ ಪಾಕ ಹರಳುಗಟ್ಟದೆ ಮೆತ್ತಗೇ ಉಳಿಯುತ್ತದೆ.

ಸರಿ, ‘ಶಕ್ಕರ್’ ಅಂತ ತಿದ್ದೋಣ ಅಂದರೆ ಪಂಜಾಬ್ ಕಡೆ ಅದು ಬೆಲ್ಲದ ಪುಡಿ. ಗುಜರಾತಿಯ ‘ಸಾಕರ್’ ಕೇಳಿ ನನ್ನ ಕನ್ನಡ ಕಿವಿ ಸಕ್ಕರೆ ಅಂತ ಖುಷಿಪಟ್ಟರೆ ಅದು ಕಲ್ಲುಸಕ್ಕರೆ. ಕೊನೆಗೆ ‘ಚೀನಿ’ ಅಂತ ಬರೆದೆ. ಅದರ ಬಗ್ಗೆ ಯಾರದೂ ತಕರಾರಿಲ್ಲ.

ಆಮೇಲೆ ‘ಧಾಬೋ’. ಕರಕರೋ, ಅಂದರೆ ತರಿತರಿಯಾದ ಕಡಲೆ ಹಿಟ್ಟಿಗೆ ಧಾಬೋ ಕೊಡಬೇಕು. ನಾನು ‘ಬೇಸನ್‌ಗೆ ಧಾಬಾ ಕೊಡಿ’ ಅಂತ ಹಿಂದಿಯಲ್ಲಿ ಬರೆದು ಒಮ್ಮೆ ಓದಿ ನೋಡಿದೆ. ಹೆದ್ದಾರಿ ಪಕ್ಕ ಹಗ್ಗದ ಮಂಚ, ಲಾರಿ, ದಾಲ್ ಎಲ್ಲ ಕಣ್ಣಿಗೆ ಬಂತು. ಹೊಡೆದು ಹಾಕಿ ಮಾಸಿಯ ಅಡುಗೆಮನೆಗೇ ಹೋಗಿ ನಿಂತೆ. ಅವರು ಬಿಸಿ ತುಪ್ಪ, ಬಿಸಿ ಹಾಲು ಹಿಟ್ಟಿಗೆ ಹಾಕಿ ಎರಡೂ ಅಂಗೈ ನಡುವೆ ಉಜ್ಜಿದರು. ಪಾತ್ರೆಯಲ್ಲಿ ಒತ್ತಿ ಒತ್ತಿ ಸಮ ಮಾಡಿ ಅರ್ಧ ಗಂಟೆ ಮುಚ್ಚಿಟ್ಟರು. ಆಮೇಲೆ ಗೋಧಿ ಜರಡಿಯಲ್ಲಿ, ಅದೇ ದೊಡ್ಡ ತೂತಿನದು, ಕೈಯಿಂದ ತಿಕ್ಕಿ ಇಳಿಸಿದರು. ಕೆಳಗೆ ರವೆಯಂಥ ಕಾಳು ಬಿತ್ತು. ಹುರಿದ ಮೇಲೂ ಆ ಕಾಳು ಉಳಿಯಬೇಕು, ಬಾಯಲ್ಲಿ ಸಿಗಬೇಕು. ಒಂದು ಪದಕ್ಕೆ ಹಿಂದಿಯಲ್ಲಿ ಐದು ಸಾಲು ಬರೆದೆ. ಬೇಸನ್ ಅಂದರೆ ಅಲ್ಲಿ ನುಣ್ಣನೆಯದನ್ನೇ ಕೊಡುತ್ತಾರೆ ಅಂತ ‘ಮೋಟಾ ಬೇಸನ್’ ಅಂತಲೂ ಸೇರಿಸಿದೆ.

ನಿಜವಾದ ತಲೆನೋವು ಅಳತೆಯದ್ದು. ಪುಸ್ತಕದಲ್ಲಿ ಹಿಟ್ಟು ಒಂದು ಶೇರ್, ಧಾಬೋಗೆ ತುಪ್ಪ ಒಂದು ನವಟಾಂಕ್, ಹಾಲೂ ಅಷ್ಟೇ. ಮೊದಲ ಸಲ ಇದನ್ನು ಬಟ್ಟಲು ಲೆಕ್ಕದಲ್ಲಿ ಅಂದಾಜಿಗೆ ಬರೆದಿದ್ದೆ. ಈಗ ಗ್ರಾಂನಲ್ಲೇ ಕೊಡೋಣ ಅಂತ ಕೂತೆ. ಉತ್ತರದ ಸೇರು 80 ತೊಲ, ಸುಮಾರು 933 ಗ್ರಾಂ. ಹಿಟ್ಟಿಗೆ ಅದನ್ನು ಬರೆದೆ. ನವಟಾಂಕ್ ಎಷ್ಟು ಅಂದರೆ ಮಾಸಿ ಒಂದು ಪುಟ್ಟ ವಾಟಕಿ ತೋರಿಸಿದರು. ಅತ್ತೆ ಇದರಲ್ಲೇ ತುಪ್ಪ ಹಾಕುತ್ತಿದ್ದರಂತೆ. ತೂಗಿದೆ, 60 ಗ್ರಾಂ ಹತ್ತಿರ ಬಂತು. ಬರೆದೆ.

ಕಳಿಸುವ ಮುಂಚೆ ಸುಮ್ನೆ ಒಂದು ಗುಣಾಕಾರ ಮಾಡಿದೆ. ನವಟಾಂಕ್ ಅಂದರೆ ಶೇರಿನ ಎಂಟನೇ ಒಂದು ಭಾಗ. 60ಕ್ಕೆ ಎಂಟು, 480. 933 ಎಲ್ಲಿ, 480 ಎಲ್ಲಿ? ವಾಟಕಿ ತಪ್ಪಿರಲಿಲ್ಲ, ನನ್ನ ಸೇರು ತಪ್ಪಿತ್ತು. ಗುಜರಾತಿನ ಹಳೇ ಕಾಚೋ ಶೇರ್ 40 ತೊಲದ್ದು, ಸುಮಾರು 466 ಗ್ರಾಂ. ಇವತ್ತಿಗೂ ಇಲ್ಲಿನ ಮಾರ್ಕೆಟ್ ಯಾರ್ಡಿನಲ್ಲಿ ಒಂದು ಮಣ ಅಂದರೆ 20 ಕಿಲೋ. ಉತ್ತರದ ಹಳೇ ಮಣ 37 ಕಿಲೋ ದಾಟುತ್ತದೆ. ಎರಡು ಕಡೆಯೂ ಮಣಕ್ಕೆ 40 ಸೇರೇ. ನಾನು ಬರೆದಂತೆ ಮಾಡಿದ್ದರೆ ಹಿಟ್ಟು ಎರಡು ಪಟ್ಟು, ಅದಕ್ಕೆ ಉಜ್ಜುವ ತುಪ್ಪ ಮಾತ್ರ ಅಷ್ಟೇ. ಧಾಬೋ ಒಣಗಿ, ಜರಡಿಯಿಂದ ಕಾಳಿನ ಬದಲು ಬರೀ ಹಿಟ್ಟು ಉದುರುತ್ತಿತ್ತು. ತಮಾಷೆ ಅಂದರೆ ಗುಜರಾತಿನ ನವಟಾಂಕ್, ಹಿಂದಿಯವರ ಛಟಾಂಕ್ ಎರಡೂ ಐದೈದು ತೊಲ. ಚಿಕ್ಕ ಅಳತೆ ಕೂಡುತ್ತದೆ, ದೊಡ್ಡದು ಕೈ ಕೊಡುತ್ತದೆ.

465 ಗ್ರಾಂ, 58 ಗ್ರಾಂ ಅಂತ ತಿದ್ದಿ ಕಳಿಸಿದೆ. ಈ ಸಲ ಫೋಟೊ ಬಂತು, ಚೌಕ ಚೌಕ ಕತ್ತರಿಸಿದ್ದು.

ಅದೇ ಹುರುಪಿನಲ್ಲಿ ಧಾರವಾಡದ ಅವ್ವನಿಗೆ ಫೋನ್ ಮಾಡಿ, “ನೀನೂ ಮಾಡಿ ನೋಡವ್ವಾ, ಧಾಬೋಗೆ ತುಪ್ಪ ಒಂದು ನವಟಾಕು ಸಾಕು” ಅಂದೆ. ಪದ ನಮ್ಮಲ್ಲೂ ಇದೆಯಲ್ಲ.

“ಯಾವ ಸೇರಿಂದು? ಅದನ್ನ ಹೇಳು ಮೊದ್ಲ” ಅಂದಳು.