ಇದರಾಗ ನಂದ್ಯಾವುದ್ರಿ ಸರ?

ಹೋದ ವರ್ಷ ನಮ್ಮ ಅಕ್ಕಿ ಮಿಲ್‌ನಲ್ಲಿ ಬಾಯ್ಲರ್ ರಿಪೇರಿ ಮುಗಿದ ದಿನ ಎಲ್ಲರಿಗೂ ಒಂದು ಥ್ಯಾಂಕ್ಸ್ ಮೇಲ್ ಹಾಕಿದ್ದೆ. ಇಂಗ್ಲಿಷಿನಲ್ಲಿ, ಆರು ಸಾಲು. ಅದ್ಭುತ ತಂಡ, ಅಪಾರ ಶ್ರಮ, ಹೆಮ್ಮೆ ಪಡುವಂಥ ಕೆಲಸ ಅಂತ. ಬರೆಯಲು ಐದು ನಿಮಿಷವೂ ಹಿಡಿದಿರಲಿಲ್ಲ. ಮಾರನೇ ದಿನ ನಮ್ಮ ಎಲೆಕ್ಟ್ರಿಷಿಯನ್ ಅಣ್ಣ ಆಫೀಸಿಗೆ ಬಂದು ಮೊಬೈಲ್ ನನ್ನ ಮುಂದೆ ಹಿಡಿದ. "ಸರ, ಮಗಳ ಕೈಲಿ ಓದಿಸಿದೆ. ಇದರಾಗ ನಂದ್ಯಾವುದ್ರಿ?" ಎಂದು ಕೇಳಿದ. ಅವನು ಕುಹಕವಾಡಲಿಲ್ಲ. ತನ್ನ ಸಾಲನ್ನು ನಿಜವಾಗಿಯೂ ಹುಡುಕುತ್ತಿದ್ದ.

ನಾನು "ಎಲ್ಲಾ ನಿಂದೇ ಅಣ್ಣ" ಎಂದೆ. ಅವನು ನಕ್ಕು ಹೋದ. ಅವನ ಪಾಲಿಗೆ ಅಲ್ಲಿ ಏನೂ ಇರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಈ ವರ್ಷ ಅದಕ್ಕಿಂತ ದೊಡ್ಡ ಕೆಲಸ ಬಂತು. ಭತ್ತ ಒಣಗಿಸುವ ಹಳೇ ಡ್ರೈಯರ್ ಕಿತ್ತು ಹೊಸದು ಕೂಡಿಸಬೇಕಿತ್ತು. ಕಾರಟಗಿ, ಗಂಗಾವತಿ ಕಡೆಯವರಿಗೆ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಮುಂಗಾರು ಭತ್ತ ನವೆಂಬರ್‌ನಲ್ಲಿ ಬರಲು ಶುರುವಾದರೆ ಮಿಲ್ ನಿಲ್ಲಿಸುವ ಮಾತೇ ಇಲ್ಲ. ಅಕ್ಟೋಬರ್‌ನಲ್ಲಿ ಕೈ ಹಾಕಿದೆವು. 22 ದಿನಕ್ಕೆ ಮುಗಿಸುವ ಲೆಕ್ಕ, ಹಿಡಿದದ್ದು 26. ಮೊದಲ ಲೋಡ್ ಭತ್ತ ಗೇಟಿಗೆ ಬರುವ ಮೂರು ದಿನ ಮುಂಚೆ ಡ್ರೈಯರ್ ಓಡಿತು. ಆಮೇಲೆ ಮತ್ತೆ ಥ್ಯಾಂಕ್ಸ್ ಮೇಲ್ ಬರೆಯಲು ಕೂತೆ.

ಕೂತರೆ ಬೆರಳು ತಾನಾಗೇ "ಅದ್ಭುತ" ಎಂದು ಟೈಪ್ ಮಾಡಿತು. ಅಭ್ಯಾಸ ನೋಡಿ. ಅದನ್ನು ಅಳಿಸಿ "ಹಗಲಿರುಳು ದುಡಿದ" ಎಂದೆ. ಆಗ ಎಲೆಕ್ಟ್ರಿಷಿಯನ್ ಅಣ್ಣನ ಪ್ರಶ್ನೆ ನೆನಪಾಯಿತು. ಆ ಸಾಲನ್ನು ಫಿಟ್ಟರ್ ಹೆಸರಿನ ಮುಂದಿಟ್ಟರೂ ನಡೆಯುತ್ತೆ, ಸ್ಟೋರ್‌ನವರ ಮುಂದಿಟ್ಟರೂ ನಡೆಯುತ್ತೆ, ಪಕ್ಕದ ಮಿಲ್‌ನವರಿಗೆ ಕಳಿಸಿದರೂ ನಡೆಯುತ್ತೆ. ಹೆಸರು ಬದಲಿಸಿದ ಮೇಲೂ ಸರಿಹೊಂದುವ ಸಾಲನ್ನು ಇಡುವುದಿಲ್ಲ ಎಂದು ಗೆರೆ ಹಾಕಿಕೊಂಡೆ. ಬರೆದದ್ದೆಲ್ಲ ಹೋಯಿತು, ಖಾಲಿ ಪರದೆ ಉಳಿಯಿತು.

ಖಾಲಿ ಪರದೆಗೆ ಕಾರಣ ಭಾಷೆ ಬಾರದ್ದಲ್ಲ. ಯಾರು ಏನು ಮಾಡಿದರು ಅನ್ನುವುದು ನನಗೇ ಸರಿಯಾಗಿ ನೆನಪಿರಲಿಲ್ಲ! 26 ದಿನದಲ್ಲಿ ನೆನಪಿರುವುದು ಜಗಳ ಮತ್ತು ಕೊನೆಯ ಎರಡು ದಿನ, ಅಷ್ಟೇ. ಹಾಗಾಗಿ ಶಿಫ್ಟ್ ಲಾಗ್‌ಬುಕ್ ತರಿಸಿದೆ. ಸ್ಟೋರ್ ಚೀಟಿ ನೋಡಿದೆ. ವಾಟ್ಸಾಪ್ ಗ್ರೂಪನ್ನು ಮೊದಲ ದಿನದಿಂದ ಓದಿದೆ. ಎರಡು ತಾಸು ಹಿಡಿಯಿತು. ಮೇಲ್ ಬರೆಯಲು ಬೇಕಾದದ್ದು ಅರ್ಧ ತಾಸು ಮಾತ್ರ.

ಲಾಗ್‌ಬುಕ್‌ನಲ್ಲಿ ಸಿಕ್ಕ ಒಂದು ಸಂಗತಿ ಹೇಳುತ್ತೇನೆ. ಟ್ರಯಲ್ ಬ್ಯಾಚ್ 16 ಟನ್. ಕುದಿಸಿದ ಭತ್ತವನ್ನು ಶೇಕಡಾ 14ರ ಆಸುಪಾಸಿನ ತೇವಕ್ಕೆ ಇಳಿಸಬೇಕು. ಡ್ರೈಯರ್‌ನಿಂದ ಬಿದ್ದ ಕೂಡಲೇ ಮೀಟರ್ 13.8 ತೋರಿಸಿತು. ಎಲ್ಲರೂ ಖುಷಿ. ನಾನಂತೂ ಸಾಹುಕಾರರಿಗೆ ಫೋನ್ ಮಾಡಿಯೇ ಬಿಟ್ಟಿದ್ದೆ. ಆದರೆ ಲ್ಯಾಬ್‌ನ ಹುಡುಗಿ ಆ ಭತ್ತದ ಸ್ಯಾಂಪಲ್ಲನ್ನು ಒಂದು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಳು. ಮೂರು ತಾಸು ಬಿಟ್ಟು ಮತ್ತೆ ಅಳೆದಳು. 15.4. ಬಿಸಿಗಾಳಿಗೆ ಭತ್ತದ ಹೊರಮೈ ಮೊದಲು ಒಣಗುತ್ತೆ, ಒಳಗಿನ ತೇವ ನಿಧಾನಕ್ಕೆ ಹೊರಗೆ ಬರುತ್ತೆ. ಮೀಟರ್ ನೋಡಿದ್ದು ಬರೀ ಹೊರಮೈ. ಅವಳು ಕೆಂಪು ಪೆನ್ನಿನಲ್ಲಿ "ಮಿಲ್ಲಿಂಗ್‌ಗೆ ಬಿಡಬೇಡಿ, ಇನ್ನೊಂದು ಸುತ್ತು" ಎಂದು ಬರೆದು ಸಹಿ ಹಾಕಿದ್ದಾಳೆ. ಆ ಹೊತ್ತಿಗೆ ಸಿಹಿ ಹಂಚುತ್ತಿದ್ದೆವು. ಅಂಥ ಹೊತ್ತಿನಲ್ಲಿ ಹಾಗೆ ಬರೆಯಲು ಎಷ್ಟು ಗಟ್ಟಿ ಮನಸ್ಸು ಬೇಕು, ಅಲ್ವಾ?

ಇದನ್ನು ಬರೆಯದೆ "ಗುಣಮಟ್ಟದ ಬಗ್ಗೆ ಅಪಾರ ಕಾಳಜಿ" ಎಂದು ಬರೆದಿದ್ದರೆ? ಕಾಳಜಿ ಎಂಬ ಮಾತು ಅವಳ ಸ್ವಭಾವಕ್ಕೆ ಸರ್ಟಿಫಿಕೇಟ್ ಕೊಟ್ಟಂತಾಗುತ್ತೆ. ಡಬ್ಬಿ ಮುಚ್ಚಿಟ್ಟದ್ದು ಅವಳು ಮಾಡಿದ ಕೆಲಸ. ಮುಂದಿನ ಸಲ ಲ್ಯಾಬ್‌ಗೆ ಹೊಸಬರು ಬಂದರೆ ಮೇಲ್ ಓದಿ ಡಬ್ಬಿ ಮುಚ್ಚಿಡುವುದನ್ನು ಕಲಿಯಬಹುದು. ಕಾಳಜಿ ಎಂದು ಓದಿ ಏನು ಕಲಿಯುತ್ತಾರೆ?

ಆಮೇಲೆ ಏನೇನು ಬರೆಯಬಾರದು ಅನ್ನುವ ಲೆಕ್ಕ. ನಮ್ಮ ಫಿಟ್ಟರ್ ಅಣ್ಣನ ಮನೆಯಲ್ಲಿ ಆಗ ಕಾಯಿಲೆ ಇತ್ತು. ಆದರೂ ಬಂದ. ಮೊದಲು ಅದನ್ನೇ ಬರೆದಿದ್ದೆ, ಓದಿದರೆ ಕಣ್ಣು ತೇವವಾಗುವಂತಿತ್ತು. ಅಳಿಸಿದೆ. ಅದು ಅವನ ಮನೆ ಸಂಗತಿ, ಹತ್ತು ಜನ ಓದುವ ಮೇಲ್‌ಗೆ ನಾನು ಹಾಕುವಂಥದ್ದಲ್ಲ. ಅದನ್ನು ಎದುರು ಸಿಕ್ಕಾಗ ಹೇಳಿದೆ. ಮೂರು ರಾತ್ರಿ ನಿದ್ದೆಗೆಟ್ಟವರ ಹೊಗಳಿಕೆಯನ್ನೂ ತೆಗೆದೆ. ಅದನ್ನು ಹೊಗಳಿದರೆ ಸಂಜೆ ಆರಕ್ಕೆ ಕೆಲಸ ಮುಗಿಸಿ ಮನೆಗೆ ಹೋದವರು ಕಡಿಮೆಯವರು ಎಂದಾಗುತ್ತೆ. ಮುಂದಿನ ಸಲವೂ ನಿದ್ದೆಗೆಡಿ ಎಂದು ಹೇಳಿದ ಹಾಗೂ ಆಗುತ್ತೆ. ಅದಕ್ಕಿಂತ ಹೆಚ್ಚಾಗಿ, ಆ ಮೂರು ರಾತ್ರಿಗೆ ಕಾರಣ ನಾನೇ. ಗಾಳಿ ಹೋಗುವ ಡಕ್ಟ್‌ನ ಅಳತೆಯನ್ನು ಹಳೇ ಡ್ರಾಯಿಂಗ್ ನೋಡಿ ಕೊಟ್ಟಿದ್ದೆ. ಹೊಸ ಬ್ಲೋವರ್‌ನ ಬಾಯಿಗೆ ಅದು ಕೂರಲಿಲ್ಲ. ನಾಲ್ಕು ದಿನ ಹೋದವು. ನನ್ನ ತಪ್ಪನ್ನು ಅವರ ತ್ಯಾಗ ಎಂದು ಬಣ್ಣ ಹಚ್ಚಿ ಬರೆಯುವುದು ಮೋಸ.

ಅವರವರ ತಪ್ಪುಗಳನ್ನೂ ಅದೇ ಮೇಲ್‌ನಲ್ಲಿ ತರಲಿಲ್ಲ. "ಚೆನ್ನಾಗಿ ಮಾಡಿದಿರಿ, ಆದರೆ" ಎಂದು ಬರೆದರೆ ಓದುವವರ ಮನಸ್ಸಿನಲ್ಲಿ ಉಳಿಯುವುದು "ಆದರೆ" ಆದಮೇಲಿನದ್ದು. ಅದಕ್ಕೆ ಬೇರೆ ಮೀಟಿಂಗ್ ಇದೆ.

ಬಾಯ್ಲರ್ ಆಪರೇಟರ್ ಬಗ್ಗೆ ಮಾತ್ರ ಲಾಗ್‌ಬುಕ್‌ನಲ್ಲಿ ಏನೂ ಸಿಗಲಿಲ್ಲ. ಏನೂ ಆಗಲಿಲ್ಲ, ಅದಕ್ಕೆ ಏನೂ ಬರೆದಿರಲಿಲ್ಲ. ಫಿಟ್ಟರ್‌ನನ್ನು ಕೇಳಿದೆ. "ಸರ, ಹೊಸಾ ಲೈನಿಗೆ ಉಗಿ ಬಿಡಾಕ ಅವ ಮುಕ್ಕಾಲು ತಾಸು ತಗೊಂಡ. ನಾವು ಬೈದ್ವಿ" ಎಂದ. ತಣ್ಣಗಿನ ಪೈಪಿಗೆ ಉಗಿ ಬಿಟ್ಟರೆ ಅದು ಒಳಗೇ ನೀರಾಗುತ್ತೆ. ಆ ನೀರನ್ನು ಹೊರಗೆ ಬಿಡದೆ ವಾಲ್ವ್ ಪೂರ್ತಿ ತೆರೆದರೆ ನೀರು ಹೋಗಿ ಪೈಪಿಗೆ ಸುತ್ತಿಗೆಯಂತೆ ಬಡಿಯುತ್ತೆ, ಜಾಯಿಂಟ್ ಒಡೆಯಬಹುದು. ಅವನು ಡ್ರೈನ್ ತೆರೆದಿಟ್ಟು ಸ್ವಲ್ಪ ಸ್ವಲ್ಪವೇ ಬಿಟ್ಟಿದ್ದ. ಏನೂ ಆಗದಂತೆ ನೋಡಿಕೊಂಡವರ ಕೆಲಸ ಲಾಗ್‌ಬುಕ್‌ನಲ್ಲಿ ಕಾಣುವುದಿಲ್ಲ. ಪಕ್ಕದಲ್ಲಿದ್ದವರನ್ನು ಕೇಳಬೇಕು.

ಕೊನೆಗೆ ಕಳಿಸಿದ್ದು ಹೀಗಿತ್ತು. ಕನ್ನಡದಲ್ಲಿ. ಇಲ್ಲಿ ಹೆಸರುಗಳನ್ನು ತೆಗೆದು ಕೆಲಸ ಹಾಕಿದ್ದೇನೆ.

"ವಿಷಯ: ಡ್ರೈಯರ್ ಕೆಲಸ, ಯಾರು ಏನು ಮಾಡಿದಿರಿ

ಎಲ್ಲರಿಗೂ ನಮಸ್ಕಾರ. ಮೊದಲ ಲೋಡ್ ಭತ್ತ ಬರುವ ಮೂರು ದಿನ ಮುಂಚೆ ಡ್ರೈಯರ್ ಓಡಿದೆ. ನಾಲ್ಕು ದಿನ ತಡವಾಗಿದ್ದು ನಾನು ಕೊಟ್ಟ ಡಕ್ಟ್ ಅಳತೆಯಿಂದ.

ಲ್ಯಾಬ್‌ನವರು ಟ್ರಯಲ್ ಸ್ಯಾಂಪಲ್ ಮುಚ್ಚಿಟ್ಟು ಮೂರು ತಾಸು ಬಿಟ್ಟು ಮತ್ತೆ ಅಳೆದರು. 13.8 ಇದ್ದದ್ದು 15.4 ಆಗಿತ್ತು. ಅವರು ತಡೆದಿದ್ದರಿಂದ 16 ಟನ್ ಹಸಿ ಭತ್ತ ಮಿಲ್ಲಿಂಗ್‌ಗೆ ಹೋಗಲಿಲ್ಲ.

ಎಲೆಕ್ಟ್ರಿಷಿಯನ್ ಬೆಲ್ಟ್ ಹಾಕುವ ಮುಂಚೆಯೇ 11 ಮೋಟಾರನ್ನೂ ಒಂದೊಂದಾಗಿ ಓಡಿಸಿ ತಿರುಗುವ ದಿಕ್ಕು ನೋಡಿದರು. ಬ್ಲೋವರ್ ಮೋಟಾರ್ ಉಲ್ಟಾ ಇತ್ತು. ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿ ಅದೇ ಕಡೆ ಬರುತ್ತದೆ, ಆದರೆ ಕಡಿಮೆ. ಆಗ ನೋಡದಿದ್ದರೆ ನಾವು ಬಾಯ್ಲರನ್ನು ದೂರುತ್ತಾ ಕೂರುತ್ತಿದ್ದೆವು.

ಬಾಯ್ಲರ್ ಆಪರೇಟರ್ ನಾವೆಲ್ಲ ಅವಸರ ಮಾಡಿದರೂ ಹೊಸ ಲೈನಿನ ನೀರು ಪೂರ್ತಿ ಹೊರಗೆ ಬಿಟ್ಟೇ ಉಗಿ ಕೊಟ್ಟರು. ಒಂದು ಜಾಯಿಂಟೂ ಸೋರಲಿಲ್ಲ.

ಫಿಟ್ಟರ್ ಹೊಸ ಡಕ್ಟ್ ಬಂದಾಗ ಜೋಡಿಸುವ ಮುಂಚೆ ತಾವೇ ಟೇಪ್ ಹಿಡಿದು ಅಳೆದು, ಆಮೇಲೆ ಮೇಲಕ್ಕೆ ಏರಿಸಿದರು. ನಾನು ಮೊದಲ ಸಲ ಮಾಡಬೇಕಿದ್ದ ಕೆಲಸ ಅದು.

ಸ್ಟೋರ್‌ನವರು ಕಿತ್ತ ಹಳೇ ಬೋಲ್ಟ್‌ಗಳನ್ನು ಸೈಜ್ ಪ್ರಕಾರ ಬೇರೆ ಮಾಡಿಟ್ಟಿದ್ದರು. ಭಾನುವಾರ ಅಂಗಡಿ ಮುಚ್ಚಿದ್ದಾಗ ಕೆಲಸ ನಡೆದದ್ದು ಅದರಿಂದ.

ಧನ್ಯವಾದ."

ಸಾಹುಕಾರರಿಗೂ ಕಾಪಿ ಹಾಕಿದ್ದೆ. ಬೇಕೆಂದೇ ಹಾಕಿದ್ದು. ಪಗಾರ ಏರಿಸುವವರು ನೋಡದ ಹೊಗಳಿಕೆಯಿಂದ ದುಡಿದವರಿಗೆ ಸಿಗುವುದು ಅಷ್ಟಕ್ಕಷ್ಟೇ.

ಇಷ್ಟೆಲ್ಲ ಲೆಕ್ಕ ಹಾಕಿ ಕಳಿಸಿದೆನಲ್ಲ, ಅರ್ಧ ತಾಸಿನಲ್ಲಿ ತಪ್ಪು ಸಿಕ್ಕಿತು. ಹೆಸರು ಹಿಡಿದು ಬರೆದರೆ ಇದೊಂದು ಅಪಾಯ ಇದೆ. ಬಿಟ್ಟುಹೋದವರು ಎದ್ದು ಕಾಣುತ್ತಾರೆ. "ಅದ್ಭುತ ತಂಡ" ಎಂದರೆ ಯಾರೂ ಬಿಟ್ಟುಹೋಗುವುದಿಲ್ಲ, ಅದಕ್ಕೇ ಎಲ್ಲರೂ ಹಾಗೆ ಬರೆಯುತ್ತಾರೇನೋ. ನಾನು ಬಿಟ್ಟದ್ದು ಹಮಾಲರನ್ನು. ಪಾಯ ತೋಡುವ ಜಾಗದಲ್ಲಿ 400 ಚೀಲ ಇದ್ದವು. ಒಂದೇ ದಿನದಲ್ಲಿ ಸರಿಸಿದರು. ಬರೀ ಸರಿಸಲಿಲ್ಲ, ರೈತರವಾರು ಚೀಟಿ ಇಟ್ಟು ಬೇರೆ ಬೇರೆ ಪೇರಿಸಿದರು. ಒಬ್ಬರ ಭತ್ತ ಇನ್ನೊಬ್ಬರದಕ್ಕೆ ಸೇರಲಿಲ್ಲ. ಅವರಿಗೆ ಮೇಲ್ ಐಡಿ ಇಲ್ಲ. ಐಡಿ ಇಲ್ಲದವರು ನನ್ನ ಲಿಸ್ಟಿನಲ್ಲೇ ಇರಲಿಲ್ಲ. ಇದು ಮರೆವು ಮಾತ್ರ ಅಲ್ಲ.

ಎರಡನೇ ಮೇಲ್ ಕಳಿಸಿದೆ. "ಮೊದಲಿನದರಲ್ಲಿ ಬಿಟ್ಟದ್ದು ನನ್ನ ತಪ್ಪು" ಎಂದು ಒಂದು ಸಾಲು, ಹಮಾಲರ ಬಗ್ಗೆ ಮೂರು ಸಾಲು. ಆಮೇಲೆ ಎರಡನ್ನೂ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಹಾಜರಿ ಹಾಕುವ ಕಟ್ಟೆಯ ಹತ್ತಿರ ಅಂಟಿಸಿದೆ. ಹಮಾಲರ ಮೇಸ್ತ್ರಿ ಬಂದು ತನ್ನ ಹೆಸರಿನ ಮೇಲೆ ಬೆರಳಿಟ್ಟು ನೋಡಿದ. ಏನೂ ಅನ್ನಲಿಲ್ಲ, ಎಲೆ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡು ಹೋದ.

ಸಂಜೆ ಎಲೆಕ್ಟ್ರಿಷಿಯನ್ ಅಣ್ಣ ಬಂದ. ಈ ಸಲ ಮಗಳ ಕೈಲಿ ಓದಿಸಿರಲಿಲ್ಲ, ಕಟ್ಟೆ ಹತ್ತಿರ ನಿಂತು ತಾನೇ ಓದಿದ್ದ.

"ಸರ, ಹನ್ನೊಂದಲ್ರಿ. ಹನ್ನೆರಡು. ತಳದಾಗಿನ ರೋಟರಿ ವಾಲ್ವಿಂದು ಬಿಟ್ಟೀರಿ."

ಹೋಗಿ ಎಣಿಸಿದೆವು. ಹನ್ನೆರಡೇ. ಪೆನ್ನು ತೆಗೆದು ಗೋಡೆ ಮೇಲಿನ ಹಾಳೆಯಲ್ಲಿ ತಿದ್ದಿದೆ. ಅವನು ಪಕ್ಕದಲ್ಲೇ ನಿಂತು ನೋಡಿದ.